ಏಳನೆಯ ಚಪ್ಪಡಿ

ನನ್ನ ಫೋನಿನಲ್ಲಿ ಐವತ್ತೆರಡು ಸೆಕೆಂಡಿನ ಒಂದು ವಿಡಿಯೋ ಇದೆ. ಐದು ವರ್ಷದ ಹುಡುಗಿಯೊಬ್ಬಳು ನೀಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಾಳೆ. ಅವಳ ಬೆನ್ನ ಹಿಂದೆ ಗ್ಯಾರೇಜಿನ ಮರದ ಬೆಂಚು. ಬೆಂಚಿನ ಅಂಚಿನಿಂದ ಅವಳ ತಲೆಯ ಮೇಲಕ್ಕೆ ಕಾಂಕ್ರೀಟ್ ಚಪ್ಪಡಿಗಳು ಒಂದರ ಮೇಲೊಂದು ಮುಂದೆ ಮುಂದೆ ಚಾಚಿಕೊಂಡು ಬಂದಿವೆ, ತಲೆಕೆಳಗಾದ ಮೆಟ್ಟಿಲುಗಳ ಹಾಗೆ. ಒಂದೊಂದು ಚಪ್ಪಡಿಯೂ ಹದಿನಾಲ್ಕು ಕಿಲೋಗಿಂತ ಹೆಚ್ಚು. ಅವಳ ತಾಯಿ ಏಳನೆಯದನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಇಡುತ್ತಾಳೆ. ಇಟ್ಟು ಕೈ ತೆಗೆಯುತ್ತಾಳೆ. ಇದು ಇಪ್ಪತ್ತೊಂಬತ್ತನೆಯ ಸೆಕೆಂಡು. ಮೂವತ್ತೆರಡನೆಯ ಸೆಕೆಂಡಿಗೆ ಚಿತ್ರ ಓರೆಯಾಗಿ ಛಾವಣಿ ಕಾಣಿಸುತ್ತದೆ. ಆಮೇಲೆ ಇರುವುದು ಬರೀ ಶಬ್ದ.

ಅಡಿಲೇಡ್ ಬಿಟ್ಟು ಬ್ರಿಸ್ಬೇನಿಗೆ ಬಂದ ಮೇಲೂ, ಇಲ್ಲಿ ಟೂವಾಂಗಿನ ಈ ಬಾಡಿಗೆ ಫ್ಲಾಟಿನಲ್ಲಿ, ಒಗೆದ ಬಟ್ಟೆ ಮಡಚುತ್ತಾ ಇರುವಾಗ, ಆಫೀಸಿನ ಲಿಫ್ಟಿನಲ್ಲಿ ನಿಂತಿರುವಾಗ, ನಾನು ಆ ಮೂರು ಸೆಕೆಂಡುಗಳನ್ನು ಮತ್ತೆ ನೋಡುತ್ತೇನೆ. ಫೋನ್ ತೆಗೆಯಬೇಕೆಂದೇನಿಲ್ಲ. ಕಣ್ಣು ಮುಚ್ಚಬೇಕೆಂದೂ ಇಲ್ಲ.

ಆಗ ನಾನು ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿದ್ದೆ. ಆ ಹುಡುಗಿಯ ಮನೆ ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ. ತಂದೆ ಗಣಿ ಎಂಜಿನಿಯರ್. ವಿಮಾನ ಹತ್ತಿ ಪರ್ತಿನ ಕಡೆಯ ಗಣಿಗೆ ಹೋಗಿ ಮೂರು ವಾರ ಅಲ್ಲಿ, ಒಂದು ವಾರ ಮನೆ. ತಾಯಿ ಮೈಸೂರಿನಲ್ಲಿ ಬಿ.ಕಾಂ. ಓದಿದವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ತಾನು ಗಣಿತದ ಟೀಚರ್ ಆಗಬೇಕು ಎಂದು ಹಟ ಹಿಡಿದಳು. ಅದಕ್ಕೆ ಮೊದಲು ಗಣಿತದಲ್ಲಿ ಒಂದು ವರ್ಷದ ಬ್ರಿಡ್ಜ್ ಕೋರ್ಸು ಮುಗಿಸಬೇಕಿತ್ತು. ಕ್ಲಾಸು ಮಾಸನ್ ಲೇಕ್ಸಿನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ. ನನ್ನ ಸಾಫ್ಟ್‌ವೇರ್ ಕಂಪನಿಯೂ ಅಲ್ಲೇ, ಕೆರೆಯ ಆಚೆ ದಡದಲ್ಲಿ. ಬಿ.ಎಸ್ಸಿ.ಯಲ್ಲಿ ನನ್ನದು ಗಣಿತ ಎಂದು ತಿಳಿದ ದಿನದಿಂದ ಅವಳು ನನ್ನನ್ನು ಬಿಟ್ಟಿರಲಿಲ್ಲ. ಅವಳಿಗೆ ಸಂಜೆ ಕ್ಲಾಸಿರುವ ದಿನಗಳಲ್ಲಿ ಮಗಳು ನನ್ನ ಮನೆಯಲ್ಲಿರುತ್ತಿದ್ದಳು. ನಾನು ಅನ್ನ ಸಾರು ಕಲಸಿ ಕೊಟ್ಟರೆ ತಿಂದು, ಸೋಫಾದ ಮೇಲೆ ನನ್ನ ತೊಡೆಗೆ ಕಾಲು ಚಾಚಿ ಕಾರ್ಟೂನ್ ನೋಡುವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ.

ಸೆಪ್ಟೆಂಬರಿನಲ್ಲಿ ಕ್ಲಾಸು ಅನಂತ ಶ್ರೇಣಿಗಳಿಗೆ ಬಂತು. ಒಂದು ಶನಿವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದುಕೊಂಡು ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಅಕ್ಕ, ಅರ್ಧ, ಕಾಲು, ಅರೆಕಾಲು ಅಂತ ಸೇರಿಸ್ತಾ ಹೋದ್ರೆ ಒಂದನ್ನ ದಾಟೋದೇ ಇಲ್ಲ ಅಂದ್ರು. ಅದು ಅರ್ಥ ಆಯ್ತು. ಪ್ರತಿ ಸಲ ಬಾಗಿಲವರೆಗೆ ಉಳಿದಿರೋ ದೂರದಲ್ಲಿ ಅರ್ಧ ನಡೀತೀನಿ, ಬಾಗಿಲು ದಾಟಲ್ಲ. ಸರಿ. ಆದ್ರೆ ಒಂದು, ಎರಡನೇ ಒಂದು, ಮೂರನೇ ಒಂದು, ನಾಲ್ಕನೇ ಒಂದು, ಹೀಗೆ ಹೋದ್ರೆ ಎಲ್ಲೂ ನಿಲ್ಲಲ್ವಂತೆ. ಅದೂ ಚಿಕ್ಕದಾಗ್ತಾನೇ ಹೋಗತ್ತಲ್ಲ? ಇದಕ್ಕೆ ಮಾತ್ರ ಯಾಕೆ ಬಾಗಿಲಿಲ್ಲ?"

"ಚಿಕ್ಕದಾಗೋದು ಸಾಲದು ಕಣೆ. ಎಷ್ಟು ಬೇಗ ಚಿಕ್ಕದಾಗತ್ತೆ ಅನ್ನೋದೇ ಮುಖ್ಯ," ಎಂದೆ. "ಗುಂಪು ಮಾಡಿ ನೋಡ್ಬೇಕು. ಒಂದೊಂದನ್ನೇ ನೋಡಿದ್ರೆ ಕಾಣಲ್ಲ. ಒಂದು ಗುಂಪು, ಅದಕ್ಕಿಂತ ಎರಡರಷ್ಟು ದೊಡ್ಡ ಗುಂಪು, ಅದಕ್ಕಿಂತ ಎರಡರಷ್ಟು. ಪ್ರತಿ ಗುಂಪಲ್ಲೂ ಒಂದು ಸುಲಭದ ಸಂಖ್ಯೆಗೆ ಎಲ್ಲಾನೂ ಬದಲಾಯಿಸ್ಕೋ. ಆಗ ಪ್ರತಿ ಗುಂಪೂ ಒಂದೇ ಮೊತ್ತ ಕೊಡತ್ತೆ. ಅದೇ ಮೊತ್ತ ಮತ್ತೆ ಮತ್ತೆ ಸೇರ್ತಾ ಇದ್ರೆ ನಿಲ್ಲೋದೆಲ್ಲಿ?"

ಇಷ್ಟೇ ಹೇಳಿದ್ದು. ಯಾವ ಕಡೆಗೆ ಬದಲಾಯಿಸಬೇಕು, ಮೇಲಕ್ಕೋ ಕೆಳಕ್ಕೋ, ಅದನ್ನು ಹೇಳಲಿಲ್ಲ. ಅವಳೇ ಕಂಡುಕೊಂಡರೆ ಚೆಂದ ಎಂದುಕೊಂಡೆ. ಇಷ್ಟು ವರ್ಷದಲ್ಲಿ ಆ ವಾಕ್ಯವನ್ನು ಮನಸ್ಸಿನಲ್ಲೇ ಎಷ್ಟು ಸಲ ಮುಗಿಸಿದ್ದೇನೋ ಲೆಕ್ಕವಿಲ್ಲ. ಕೆಳಕ್ಕೆ, ಚಿಕ್ಕದಕ್ಕೆ, ಎಂದು ಎರಡು ಪದ ಸೇರಿಸಿದ್ದರೆ ಸಾಕಿತ್ತು.

ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಗಣಿತದ ಒಂದು ಸಾಧನೆಯನ್ನು, ಅಂದರೆ ಪ್ರೂಫನ್ನು, ಹತ್ತು ನಿಮಿಷದಲ್ಲಿ ಕ್ಲಾಸಿಗೆ ವಿವರಿಸಬೇಕಿತ್ತು, ಕೈಯಲ್ಲಿ ಮುಟ್ಟಿ ತೋರಿಸುವಂಥ ಏನಾದರೂ ಜೊತೆಗಿದ್ದರೆ ಒಳ್ಳೆಯದು ಎಂದಿದ್ದರು. ಅವಳು ಇದನ್ನೇ ಆರಿಸಿದಳು. ತೋರಿಸುವುದಕ್ಕೆ ಏನು ಎಂದು ಹುಡುಕಿದಾಗ ಪುಸ್ತಕದಲ್ಲೇ ಸಿಕ್ಕಿತು. ಒಂದೇ ಅಳತೆಯ ಹಲಗೆಗಳನ್ನು ಮೇಜಿನ ಅಂಚಿನಿಂದ ಹೊರಕ್ಕೆ ಚಾಚುವಂತೆ ಪೇರಿಸುವುದು. ಎಲ್ಲಕ್ಕಿಂತ ಮೇಲಿನದು ತನ್ನ ಕೆಳಗಿನದರಿಂದ ಅರ್ಧ ಉದ್ದ ಮುಂದೆ ಬರಬಹುದು, ಅದಕ್ಕಿಂತ ಹೆಚ್ಚಾದರೆ ಬೀಳುತ್ತದೆ. ಅದರ ಕೆಳಗಿನದು ಕಾಲು ಭಾಗ, ಅದರ ಕೆಳಗಿನದು ಆರನೇ ಒಂದು, ಆಮೇಲೆ ಎಂಟನೇ ಒಂದು. ಅಂದರೆ ಒಂದು, ಎರಡನೇ ಒಂದು, ಮೂರನೇ ಒಂದು, ನಾಲ್ಕನೇ ಒಂದು, ಇವುಗಳ ಅರ್ಧರ್ಧ. ಅದೇ ಶ್ರೇಣಿ. ಅದಕ್ಕೆ ಕೊನೆಯಿಲ್ಲವಾದ್ದರಿಂದ, ಹಲಗೆಗಳು ಸಾಕಷ್ಟಿದ್ದರೆ, ಎಷ್ಟು ದೂರ ಬೇಕಾದರೂ ಚಾಚಬಹುದು.

ಅವರ ಮನೆಯ ಗ್ಯಾರೇಜಿನ ಪಕ್ಕದಲ್ಲಿ ಹಿಂದೆ ಇದ್ದವರು ಬಿಟ್ಟುಹೋದ ಅಂಗಳದ ಚಪ್ಪಡಿಗಳ ರಾಶಿಯಿತ್ತು. ನಲವತ್ತು ಸೆಂಟಿಮೀಟರ್ ಚೌಕ, ನಾಲ್ಕು ಸೆಂಟಿಮೀಟರ್ ದಪ್ಪ, ಎಲ್ಲ ಒಂದೇ ಅಚ್ಚಿನವು. "ಇಷ್ಟು ಒಂದೇ ಥರ ಇರೋದು ನಂಗೆ ಇನ್ನೆಲ್ಲಿ ಸಿಗತ್ತೆ ಅಕ್ಕ? ಕ್ಲಾಸಿಗೆ ತಗೊಂಡೋಗಕ್ಕಾಗಲ್ಲ, ವಿಡಿಯೋ ಮಾಡ್ಕೊಂಡು ತೋರಿಸ್ತೀನಿ," ಎಂದಳು.

ಅಕ್ಟೋಬರಿನ ಒಂದು ಬುಧವಾರ, ಊಟದ ಹೊತ್ತಿನಲ್ಲಿ, ಕೆರೆಯ ಪಕ್ಕದ ಬೆಂಚಿನ ಮೇಲೆ ಅವಳು ತನ್ನ ಸಾಧನೆಯನ್ನು ಬರೆದ ಹಾಳೆ ಕೊಟ್ಟಳು. ಅಂದು ಆಫೀಸಿನಲ್ಲಿ ಏನೋ ಮುರಿದುಬಿದ್ದಿತ್ತು, ನನ್ನ ಫೋನ್ ಗುಂಯ್‌ಗುಡುತ್ತಲೇ ಇತ್ತು. ನಮ್ಮ ಕೆಲಸದಲ್ಲಿ ಒಂದು ಚಾಳಿಯಿದೆ. ಬೇರೆಯವರು ಬರೆದ ಕೋಡನ್ನು ಓದಿ ಒಪ್ಪಿಗೆ ಕೊಡಬೇಕಾದಾಗ, ಬರೆದವರು ನಂಬಿಕೆಯವರಾಗಿದ್ದರೆ, ಓದುವುದಿಲ್ಲ. ಕೊನೆಗೆ ಬಂದ ಉತ್ತರ ಸರಿಯಿದೆಯಾ ನೋಡುತ್ತೇವೆ, ಹಸಿರು ಗುರುತು ಕಂಡರೆ "ಚೆನ್ನಾಗಿದೆ" ಎಂದು ಒತ್ತುತ್ತೇವೆ. ಆ ಹಾಳೆಯ ಕೊನೆಯ ಸಾಲು ಹೀಗಿತ್ತು: 1 + 1 + 1 + 1 + … ಆದ್ದರಿಂದ ಮೊತ್ತ ಅನಂತ. ಉತ್ತರ ಸರಿಯಿತ್ತು. ಗುಂಪುಗಳಿದ್ದವು. ನಾನು ಪೆನ್ಸಿಲಿನಲ್ಲಿ ಒಂದು ಟಿಕ್ ಹಾಕಿ ಹಾಳೆ ವಾಪಸು ಕೊಟ್ಟು ಫೋನ್ ಎತ್ತಿಕೊಂಡೆ.

"ಸರಿ ಇದ್ಯಾ ಅಕ್ಕ?"

"ಸರಿ ಇದೆ. ಜಾಣೆ."

ಶನಿವಾರ ಮಧ್ಯಾಹ್ನ ಅವರ ಗ್ಯಾರೇಜಿಗೆ ಹೋದಾಗ ಬಿಸಿಲು ಆಗಲೇ ಬೇಸಿಗೆಯಷ್ಟಿತ್ತು. ಶಟರ್ ಮೇಲಕ್ಕೆ ಎತ್ತಿತ್ತು. ಚಪ್ಪಡಿಗಳನ್ನು ತೊಳೆದು, ಒರೆಸಿ, ಪ್ರತಿಯೊಂದರ ಬದಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸಂಖ್ಯೆ ಬರೆದಿದ್ದಳು. ಮಗಳು ಉಳಿದ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬೆಕ್ಕು ಬರೆಯುತ್ತಿದ್ದಳು.

"ಮೇಲಿನದು ಇಪ್ಪತ್ತು ಸೆಂಟಿಮೀಟರ್ ಬರಬಹುದು, ನಾನು ಹದಿನಾರೇ ಇಟ್ಟಿದೀನಿ," ಎಂದಳು. "ಸೇಫ್ಟಿಗೆ. ಎಲ್ಲದರಲ್ಲೂ ಐದನೇ ಒಂದು ಭಾಗ ಕಡಿಮೆ. ಕಾಂಕ್ರೀಟ್ ಅಲ್ವಾ, ನಮ್ಮನೆಯವರು ಫೋನಲ್ಲಿ ಒಂದೇ ಸಮ ಹೆದರಿಸ್ತಿದಾರೆ, ಗಣಿಯಲ್ಲಿ ಇರೋರಿಗೆ ಎಲ್ಲಾ ಕಲ್ಲೂ ಬೀಳೋ ಕಲ್ಲೇ."

"ಆಮೇಲಿಂದು?"

"ಎಂಟು, ಎಂಟು, ಆಮೇಲೆ ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ನನ್ನ ಗುಂಪುಗಳೇ. ಇಲ್ಲಾಂದ್ರೆ ಐದು ಪಾಯಿಂಟ್ ಮೂರು ಮೂರು ಅಂತೆಲ್ಲ ಬರತ್ತೆ, ಸ್ಕೇಲಲ್ಲಿ ಎಲ್ಲಿ ಅಳೀಲಿ? ಒಟ್ಟು ನಲವತ್ತೆಂಟು. ಚಪ್ಪಡಿ ನಲವತ್ತು. ಅಂದ್ರೆ ಮೇಲಿನ ಕಲ್ಲು ಪೂರ್ತಿ ಬೆಂಚಿನ ಆಚೆಗೆ, ಅದರ ಕೆಳಗೆ ಬೆಂಚೇ ಇಲ್ಲ."

ಎಂಟು ಎರಡು ಸಲ ಬಂದದ್ದನ್ನು ನಾನು ಕೇಳಿದೆ. ಕಿವಿಗೆ ಬಿತ್ತು. ಗುಂಪು ಎಂಬ ಪದ ಕೇಳಿ ಸಮಾಧಾನವಾಯಿತು, ಅಷ್ಟೇ.

ಮೊದಲು ಮೂರರಲ್ಲಿ ಪ್ರಯತ್ನ ಮಾಡಿದೆವು. ಹದಿನಾರು, ಎಂಟು, ಎಂಟು. ಗಟ್ಟಿಯಾಗಿ ನಿಂತಿತು. ಅವಳು ಬೆರಳಿನಿಂದ ತಟ್ಟಿ ನೋಡಿದಳು, ಅಲುಗಲಿಲ್ಲ. ಈಗ ಗೊತ್ತಿದೆ, ಅವಳು ಸೇಫ್ಟಿಗೆಂದು ಕಳೆದಿದ್ದ ಐದನೇ ಒಂದು ಭಾಗವೇ ಆ ಮೂರರಲ್ಲಿ ಅವಳ ತಪ್ಪನ್ನು ಮುಚ್ಚಿಟ್ಟಿತ್ತು. ಕಳೆಯದೇ ಇದ್ದಿದ್ದರೆ ಮೂರರಲ್ಲೇ ಬಿದ್ದು, ಇಬ್ಬರೂ ಬೆಚ್ಚಿ, ನಕ್ಕು, ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದೆವು.

ಮೂರನ್ನು ಇಳಿಸಿ, ಈಗ ಕೆಳಗಿನಿಂದ ಪೂರ್ತಿ ಕಟ್ಟುತ್ತ ಬಂದೆವು. ಕೆಳಗಿನದು ಬೆಂಚಿನ ಅಂಚಿನಿಂದ ನಾಲ್ಕು ಸೆಂಟಿಮೀಟರ್ ಹೊರಗೆ. ಅದರ ಮೇಲಿನದು ಇನ್ನೂ ನಾಲ್ಕು. ಹೀಗೆ ಆರು. ಆರೂ ಬಂಡೆಯ ಹಾಗೆ ನಿಂತವು. ನಾನು ಹಿಂದಿನಿಂದ ಕೈಯಿಟ್ಟು ಅಲ್ಲಾಡಿಸಿ ನೋಡಿದೆ.

"ಲಾಸ್ಟ್ ಒಂದು ವಿಡಿಯೋದಲ್ಲಿ ಇಡ್ತೀನಿ," ಎಂದಳು ಅವಳು. ಆಮೇಲೆ ಮಗಳ ಕಡೆ ನೋಡಿದಳು. "ಪುಟ್ಟಿ, ಬಾ ಇಲ್ಲಿ. ಮೇಲಿನ ಕಲ್ಲಿನ ಕೆಳಗೆ ಬೆಂಚು ಇಲ್ಲ ಅಂತ ಗೊತ್ತಾಗ್ಬೇಕಲ್ಲ ಅಕ್ಕ, ಯಾರಾದ್ರೂ ಕೂತಿದ್ರೆ ಚೆನ್ನಾಗಿ ಕಾಣತ್ತೆ. ಅಪ್ಪಂಗೂ ಕಳಿಸ್ಬಹುದು."

ನಾನು ಬೇಡ ಎನ್ನಲಿಲ್ಲ. ಬರೆದು ಟಿಕ್ ಹಾಕಿದ ಲೆಕ್ಕ, ಅಲ್ಲಾಡಿಸಿ ನೋಡಿದ ಆರು ಚಪ್ಪಡಿ. ಸ್ಟೂಲನ್ನು ತಂದು ಇಟ್ಟದ್ದು ನಾನೇ.

"ಅಲ್ಲಾಡ್ಬಾರ್ದು ಆಯ್ತಾ, ಶಿಲೆ ಥರ," ಎಂದಳು ತಾಯಿ.

"ಹೌ ಲಾಂಗ್?"

"ಅಮ್ಮ ಹೇಳೋವರೆಗೂ."

"ಈಸಿ," ಎಂದು ಅವಳು ಕೈಕಟ್ಟಿದಳು.

ನಾನು ಪಕ್ಕದಿಂದ, ಚಪ್ಪಡಿಗಳ ಅಂಚು ಕಾಣುವ ಹಾಗೆ, ಬಲಗೈಯಲ್ಲಿ ಫೋನ್ ಹಿಡಿದು ನಿಂತೆ. ಅವಳು ಏಳನೆಯದನ್ನು ಎತ್ತಿ, ಮುಂಗೈ ನಡುಗುತ್ತಿದ್ದರೂ ನಿಧಾನವಾಗಿ, ಗೆರೆಗೆ ಗೆರೆ ಕೂಡಿಸಿ ಇಳಿಸಿದಳು. ಹದಿನಾರು ಸೆಂಟಿಮೀಟರ್ ಮುಂದಕ್ಕೆ. ಕೈ ತೆಗೆದಳು. ಏನೂ ಆಗಲಿಲ್ಲ. ಅವಳು ನನ್ನ ಕಡೆ ತಿರುಗಿ ನಗಲು ಶುರುಮಾಡಿದಳು.

ಆಗ ನನಗೆ ಒಂದು ಸಣ್ಣ ಶಬ್ದ ಕೇಳಿಸಿತು. ಹಲ್ಲಿನಡಿ ಮರಳು ಸಿಕ್ಕಿದ ಹಾಗೆ. ಎಲ್ಲಕ್ಕಿಂತ ಕೆಳಗಿನ ಚಪ್ಪಡಿಯ ಹಿಂಭಾಗ, ಬೆಂಚಿನ ಮೇಲೆ ಅಂಟಿಕೊಂಡಿದ್ದದ್ದು, ಅಲ್ಲಿ ಒಂದು ಬೆಳಕಿನ ಗೆರೆ ಕಾಣಿಸಿತು. ದಾರದಷ್ಟು. ಕಲ್ಲು ಮತ್ತು ಮರದ ನಡುವೆ, ಆಚೆಯ ಬಿಸಿಲು.

ನನ್ನ ಎಡಗೈ ನಾನು ಹೇಳುವ ಮೊದಲೇ ಹೋಗಿತ್ತು. ಕೆಳಗಿನ ಚಪ್ಪಡಿಯ ಹಿಂದುಗಡೆ ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿಯೊಂದು ತೆರೆದುಕೊಂಡಿತ್ತು, ಮೇಲಿನದು ಅಷ್ಟು ಮುಂದೆ ಸರಿದಿತ್ತಲ್ಲ. ಆ ಪಟ್ಟಿಯ ಮೇಲೆ ಅಂಗೈ ಒತ್ತಿದೆ. ಗೆರೆ ಮುಚ್ಚಿತು. ಫೋನ್ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

ಹೆಚ್ಚು ಬಲ ಬೇಕಾಗಲಿಲ್ಲ. ಇದೇ ನನ್ನನ್ನು ಇನ್ನೂ ಕಾಡುವುದು. ನೂರು ಕಿಲೋ ಕಾಂಕ್ರೀಟು ಬೀಳುವುದಕ್ಕೂ ನಿಲ್ಲುವುದಕ್ಕೂ ಎರಡು ಲೀಟರ್ ಹಾಲಿನ ಕ್ಯಾನಿನಷ್ಟು ತೂಕದ ವ್ಯತ್ಯಾಸ. ಅದು ನನ್ನ ಅಂಗೈ. ಒತ್ತಿದಾಗ ನಿಲ್ಲುತ್ತಿತ್ತು, ಸ್ವಲ್ಪ ಸಡಿಲಿಸಿದರೆ ಕೆಳಗಿನಿಂದ ಉಸಿರಿನ ಹಾಗೆ ಎತ್ತುತ್ತಿತ್ತು.

"ಮಗೂನ ಎಳ್ಕೋ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅರ್ಧ ನಗು ಮುಖದ ಮೇಲೆ ಹಾಗೇ ಇತ್ತು.

"ಬೀಳ್ತಿದೆ. ಕಲ್ಲು ಮುಟ್ಬೇಡ. ಮಗೂನ ಎಳ್ಕೋ."

ಅವಳ ಎರಡು ಕೈಗಳೂ ಮೇಲಿನ ಚಪ್ಪಡಿಯ ಕಡೆಗೇ ಹೋದವು. ತಾಯಿಯ ಕೈ, ಬೀಳುವುದನ್ನು ಹಿಡಿಯಲು ಹೋಯಿತು. ಅವಳು ಮುಟ್ಟಿದ್ದರೆ, ಬೆರಳು ತಗುಲಿ ಒಂದಿಷ್ಟು ಕೆಳಕ್ಕೆ ಒತ್ತಿದ್ದರೆ, ನನ್ನ ಅಂಗೈ ಸಾಲುತ್ತಿರಲಿಲ್ಲ. "ಮುಟ್ಬೇಡ," ಎಂದು ಮತ್ತೆ ಅಂದೆ. ದನಿ ನನ್ನದಲ್ಲದ ಹಾಗಿತ್ತು. ವಿಡಿಯೋದಲ್ಲಿ ಕೇಳಿದರೆ ತೀರಾ ಶಾಂತವಾಗಿದೆ, ಯಾರೋ ಅಂಗಡಿಯಲ್ಲಿ ಬೆಲೆ ಕೇಳಿದ ಹಾಗೆ.

ಅವಳು ಮಂಡಿಯೂರಿದಳು. "ಪುಟ್ಟಿ, ಬಾ. ಬಾ ಅಮ್ಮನ ಹತ್ರ."

ಹುಡುಗಿ ತುಟಿ ಮಾತ್ರ ಅಲ್ಲಾಡಿಸಿದಳು. "ಯು ಸೆಡ್ ಡೋಂಟ್ ಮೂವ್."

"ಈಗ ಮೂವ್ ಆಗು. ಬಾ."

"ಈಸ್ ಇಟ್ ಅ ಟ್ರಿಕ್?"

ಅವಳ ಆಟಗಳಲ್ಲಿ ಹಾಗಿತ್ತು. ಅಲ್ಲಾಡಬಾರದು ಎಂದ ಮೇಲೆ ಬಾ ಎಂದು ಕರೆದು ಸೋಲಿಸುವುದು. ನಾನೇ ಕಲಿಸಿದ ಆಟ, ನಮ್ಮ ಮನೆಯ ಸೋಫಾದ ಮೇಲೆ. ಅವಳು ಕಣ್ಣನ್ನು ಓರೆ ಮಾಡಿ ನನ್ನ ಕಡೆ ನೋಡಿ, ತನಗೆ ಗೊತ್ತು ಎಂಬಂತೆ ನಕ್ಕಳು. ಕುತ್ತಿಗೆ ಅಲ್ಲಾಡಿಸಲಿಲ್ಲ. ನನ್ನ ಅಂಗೈ ಬೆವರಿತು. ಬೆವರಿದ ಕೈ ಕಾಂಕ್ರೀಟಿನ ಪುಡಿಯ ಮೇಲೆ ಒಂದು ಎಳೆಯಷ್ಟು ಜಾರಿತು.

"ನೀನು ಗೆದ್ದೆ ಪುಟ್ಟಿ," ಎಂದೆ. "ಆಟ ಮುಗೀತು. ನೀನೇ ಗೆದ್ದಿದ್ದು."

ಆಗ ಮಾತ್ರ ಅವಳು ಎದ್ದಳು. ಎದ್ದವಳ ತಲೆ ಮೇಲಿನ ಕಲ್ಲಿಗೆ ತಾಗುತ್ತದೆ ಎಂದು ಅಂಗೈಯನ್ನು ಇನ್ನೂ ಬಲವಾಗಿ ಒತ್ತಿದೆ. ತಾಯಿ ಅವಳ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು, ನೆಲಕ್ಕೆ ಒರಗಿದ ಹಾಗೆ ಹಿಂದಕ್ಕೆ ಎಳೆದಳು. ಇಬ್ಬರೂ ಸೀಮೆಸುಣ್ಣದ ಬೆಕ್ಕಿನ ಮೇಲೆ ಬಿದ್ದರು. ಅಲ್ಲಿಂದ ಬಾಗಿಲವರೆಗೆ ಅವಳು ಮಗಳನ್ನು ಎತ್ತಿಕೊಂಡು ತೆವಳಿಯೇ ಹೋದಳು.

ಈಗ ಉಳಿದದ್ದು ನಾನು ಮತ್ತು ಚಪ್ಪಡಿಗಳು. ನಾನು ಕೈ ತೆಗೆಯಬಹುದಿತ್ತು. ತೆಗೆಯಲಾಗಲಿಲ್ಲ. ನನ್ನ ಕಣ್ಣ ಮುಂದೆ ಸೀಮೆಸುಣ್ಣದ ಸಂಖ್ಯೆಗಳಿದ್ದವು, ಮೇಲಿನಿಂದ ಕೆಳಕ್ಕೆ. 16, 8, 8, 4, 4, 4, 4. ಆಗ, ಅಂಗೈಯಲ್ಲಿ ಅವುಗಳ ತೂಕ ಇರುವಾಗ, ಮೊದಲ ಸಲ ನಾನು ಅವಳ ಲೆಕ್ಕವನ್ನು ಓದಿದೆ. ಮೂರನೆಯದಕ್ಕೆ ಹದಿನಾರರಲ್ಲಿ ಮೂರನೇ ಒಂದು ಭಾಗ ಬರಬೇಕು, ಐದು ಚಿಲ್ಲರೆ. ಎಂಟು ಇದೆ. ಐದನೆಯದಕ್ಕೆ ಮೂರು ಚಿಲ್ಲರೆ ಬರಬೇಕು. ನಾಲ್ಕು ಇದೆ. ಎಲ್ಲವೂ ಮೇಲಕ್ಕೆ. ಎಲ್ಲವೂ ಆಚೆಗೆ.

"ಪುಟ್ಟಿ ಆಚೆ ಇದಾಳಾ?" ಎಂದು ಕೂಗಿದೆ.

"ಇದಾಳೆ. ಇದಾಳೆ ಅಕ್ಕ. ನೀವು ಬನ್ನಿ."

ಕೈ ತೆಗೆದು ಹಿಂದಕ್ಕೆ ಸರಿದೆ. ಬೆಳಕಿನ ಗೆರೆ ಮತ್ತೆ ಬಂತು, ದಾರದಿಂದ ಹಗ್ಗವಾಯಿತು, ಆಮೇಲೆ ಎಲ್ಲವೂ ಒಟ್ಟಿಗೆ ಹೋದವು. ಶಬ್ದಕ್ಕೆ ಗ್ಯಾರೇಜಿನ ತಗಡು ಅದುರಿತು. ನೀಲಿ ಸ್ಟೂಲು ನಾಲ್ಕು ಕಾಲನ್ನೂ ನಾಲ್ಕು ಕಡೆಗೆ ಚಾಚಿ ಚಪ್ಪಟೆಯಾಗಿತ್ತು. ಆ ಶಬ್ದಕ್ಕೇ ಹುಡುಗಿ ಅತ್ತದ್ದು. ಆವರೆಗೆ ಅತ್ತಿರಲಿಲ್ಲ.

ಅಡುಗೆಮನೆಯ ನೆಲದ ಮೇಲೆ ಮೂವರೂ ಬಹಳ ಹೊತ್ತು ಕೂತಿದ್ದೆವು. ಹುಡುಗಿ ಐಸ್‌ಕ್ರೀಂ ತಿಂದು, ಸ್ಟೂಲು ಹೊಸದು ಬೇಕೆಂದು ಹೇಳಿ, ಟಿ.ವಿ. ಮುಂದೆ ಹೋಗಿ ಕೂತಳು. ತಾಯಿ ಎದ್ದು ಚೀಲದಿಂದ ಆ ಹಾಳೆ ತಂದು ನನ್ನ ಮುಂದೆ ನೆಲದ ಮೇಲೆ ಹರಡಿದಳು. ಕಣ್ಣೀರು ಬರುತ್ತಲೇ ಇತ್ತು, ಒರೆಸಿಕೊಳ್ಳುತ್ತಿರಲಿಲ್ಲ.

"ಎಲ್ಲಿ ತಪ್ಪಿದೆ ಹೇಳಿ."

"ಈಗ ಬೇಡ ಕಣೆ."

"ಈಗ್ಲೇ ಹೇಳಿ. ಇಲ್ಲಾಂದ್ರೆ ನಾನು ಈ ಜನ್ಮದಲ್ಲಿ ಇದನ್ನ ಮತ್ತೆ ತೆರೆಯಲ್ಲ."

ಹೇಳಿದೆ. ಪೆನ್ಸಿಲ್ ಅವಳೇ ಹಿಡಿದಳು.

"ನೀನು ಎರಡನೇ ಒಂದು, ಮೂರನೇ ಒಂದು ಎರಡನ್ನೂ ಗುಂಪು ಮಾಡಿ, ಎರಡನ್ನೂ ಎರಡನೇ ಒಂದು ಅಂದೆ. ಮೊತ್ತ ಒಂದು. ಆಮೇಲೆ ನಾಲ್ಕನೇ ಒಂದರಿಂದ ಏಳನೇ ಒಂದರವರೆಗೆ ನಾಲ್ಕನ್ನೂ ನಾಲ್ಕನೇ ಒಂದು ಅಂದೆ. ಮತ್ತೆ ಒಂದು. ಮೂರನೇ ಒಂದು ದೊಡ್ಡದಾ, ಎರಡನೇ ಒಂದು ದೊಡ್ಡದಾ?"

"ಎರಡನೇ ಒಂದು."

"ಅಂದ್ರೆ ನಿಜವಾದ್ದನ್ನ ತೆಗೆದು ಅದಕ್ಕಿಂತ ದೊಡ್ಡದನ್ನ ಇಟ್ಟೆ. ಹಾಗೆ ದೊಡ್ಡದು ಮಾಡಿದ ಮೊತ್ತ ಅನಂತ ಆಯ್ತು. ನಿಜವಾದ ಮೊತ್ತ ಅದಕ್ಕಿಂತ ಕಡಿಮೆ. ಅನಂತಕ್ಕಿಂತ ಕಡಿಮೆ ಅಂದ್ರೆ ಏನು ಗೊತ್ತಾಯ್ತು?"

ಅವಳು ಪೆನ್ಸಿಲಿನ ತುದಿಯನ್ನು ಸಾಲುಗಳ ಮೇಲೆ ಓಡಿಸಿದಳು. ಆಮೇಲೆ, "ಏನೂ ಇಲ್ಲ," ಎಂದಳು. "ಬಾಗಿಲವರೆಗೆ ಅರ್ಧ ಅರ್ಧ ನಡೆಯೋದು ಕೂಡ ಅನಂತಕ್ಕಿಂತ ಕಡಿಮೇನೇ."

"ಹೌದು. ಉತ್ತರ ಸರಿಯಾಗಿ ಬಂತು, ಆದ್ರೆ ನೀನು ಅದನ್ನ ಸಾಧಿಸಿರ್ಲಿಲ್ಲ. ಈಗ ಗುಂಪನ್ನ ಬೇರೆ ಕಡೆ ಮುರಿ. ಮೂರನೇ ಒಂದು, ನಾಲ್ಕನೇ ಒಂದು, ಈ ಎರಡು ಒಂದು ಗುಂಪು. ಗುಂಪಲ್ಲಿ ಚಿಕ್ಕದು ಯಾವ್ದು?"

"ನಾಲ್ಕನೇ ಒಂದು." ಅವಳು ಬರೆಯತೊಡಗಿದಳು. "ಎರಡನ್ನೂ ನಾಲ್ಕನೇ ಒಂದು ಮಾಡ್ತೀನಿ. ಅರ್ಧ. ನಿಜವಾದ್ದು ಅರ್ಧಕ್ಕಿಂತ ಹೆಚ್ಚು. ಆಮೇಲೆ ಐದರಿಂದ ಎಂಟರವರೆಗೆ ನಾಲ್ಕು. ಎಲ್ಲಾ ಎಂಟನೇ ಒಂದು. ನಾಲ್ಕು ಎಂಟನೇ ಒಂದು, ಮತ್ತೆ ಅರ್ಧ. ಆಮೇಲೆ ಒಂಬತ್ತರಿಂದ ಹದಿನಾರು, ಎಂಟು ಇವೆ, ಹದಿನಾರನೇ ಒಂದು, ಅರ್ಧ." ಪೆನ್ಸಿಲ್ ನಿಂತಿತು. "ಕಡಿಮೆ ಮಾಡಿದ್ರೂನೂ ಪ್ರತಿ ಗುಂಪು ಅರ್ಧ ಕೊಡತ್ತೆ. ಅರ್ಧ ಅರ್ಧ ಅರ್ಧ, ಮುಗಿಯೋದೇ ಇಲ್ಲ. ನಿಜವಾದ್ದು ಅದಕ್ಕಿಂತ ದೊಡ್ಡದು. ಅದು ಹೇಗೆ ನಿಲ್ಲತ್ತೆ?"

"ಅಷ್ಟೇ."

"ಕಲ್ಲಿಗೆ ಹೀಗೆ ಮಾಡಿದ್ರೆ?"

"ಹದಿನಾರು, ಎಂಟು, ನಾಲ್ಕು, ನಾಲ್ಕು, ಎರಡು, ಎರಡು, ಎರಡು, ಎರಡು. ಪ್ರತಿಯೊಂದೂ ಇರಬೇಕಾದ್ದಕ್ಕಿಂತ ಹೆಚ್ಚಲ್ಲ. ಬೀಳಲ್ಲ. ಆದ್ರೆ ಎಂಟು ಕಲ್ಲಿಗೆ ಬರೀ ನಲವತ್ತು ಸೆಂಟಿಮೀಟರ್. ಇನ್ನೆಂಟು ಸೆಂಟಿಮೀಟರಿಗೆ ಇನ್ನೂ ಎಂಟು ಕಲ್ಲು ಬೇಕು."

"ಅಷ್ಟು ನಿಧಾನನಾ," ಎಂದಳು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಮೂಗು ಒರೆಸಿಕೊಂಡಳು. ಆಮೇಲೆ ಹಾಳೆಯನ್ನೇ ನೋಡುತ್ತಾ ಕೇಳಿದಳು. "ಬುಧವಾರ ಇದನ್ನ ನೀವು ಓದಿದ್ರಿ ಅಲ್ವಾ ಅಕ್ಕ?"

"ಓದಿದ್ದೆ ಕಣೆ," ಎಂದೆ. "ನಂಗೂ ಹೊಳೀಲಿಲ್ಲ."

ಅವಳು ತಲೆಯಾಡಿಸಿದಳು.

ಕ್ಲಾಸಿನಲ್ಲಿ ಅವಳು ಮರದ ಪಟ್ಟಿಗಳಲ್ಲಿ ತೋರಿಸಿದಳಂತೆ, ಅಂಗೈಯಷ್ಟು ಉದ್ದದವು. ಎರಡು ರೀತಿಯನ್ನೂ ತೋರಿಸಿದಳಂತೆ, ಬೀಳುವುದನ್ನೂ ನಿಲ್ಲುವುದನ್ನೂ. ಒಳ್ಳೆಯ ಅಂಕ ಬಂತು. ಮರುವರ್ಷ ಗಂಡನ ಕೆಲಸ ಅಲ್ಲೇ ಎಂದು ಪರ್ತಿಗೆ ಹೋದರು. ನಾನು ಬ್ರಿಸ್ಬೇನಿಗೆ ಬಂದೆ. ಈಗ ಅವಳು ಪರ್ತಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ.

ಆ ಘಟನೆಯ ನಂತರ ಅಡಿಲೇಡಿನಲ್ಲಿ ನಾವು ಇನ್ನೂ ಹದಿನಾಲ್ಕು ತಿಂಗಳು ಒಂದೇ ಬೀದಿಯಲ್ಲಿದ್ದೆವು. ಹುಡುಗಿ ನನ್ನ ಮನೆಗೆ ಬರುತ್ತಿದ್ದಳು, ತಾಯಿಯ ಜೊತೆ. ಸಂಜೆ ಕ್ಲಾಸಿನ ದಿನಗಳಲ್ಲಿ ಮಾತ್ರ ಮಗಳನ್ನು ಬಿಟ್ಟುಹೋಗುತ್ತಿರಲಿಲ್ಲ; ಶಾಲೆಯಲ್ಲೇ ಸಂಜೆಯವರೆಗೆ ನೋಡಿಕೊಳ್ಳುವ ಏರ್ಪಾಡಿದೆ, ನಿಮಗ್ಯಾಕೆ ತೊಂದರೆ ಎಂದಳು ತಾಯಿ. ನಾನು ಅದನ್ನು ಸಂಕೋಚ ಎಂದುಕೊಂಡೆ. ಸಾರು ಕಲಸಿಕೊಡುವವರಿಲ್ಲದೆ ಹುಡುಗಿ ಏನು ತಿನ್ನುತ್ತಾಳೋ ಎಂದುಕೊಂಡೆ.

ಕಳೆದ ತಿಂಗಳು ಅವಳ ಫೋನ್ ಬಂದಾಗ, ಯಾವುದೋ ಮಾತಿನ ನಡುವೆ, ಹೇಳಿಬಿಟ್ಟೆ. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದದ್ದು.

"ಆವತ್ತು ನಾನು ಓದಿರ್ಲಿಲ್ಲ ಕಣೆ. ಕೊನೇ ಸಾಲು ಮಾತ್ರ ನೋಡಿದ್ದೆ."

ಆಚೆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಗೊತ್ತು ಅಕ್ಕ," ಎಂದಳು. ಕೋಪವಿರಲಿಲ್ಲ. "ಟಿಕ್ ಇದ್ದಿದ್ದು ಕೊನೇ ಸಾಲಿನ ಪಕ್ಕ ಒಂದೇ. ಓದಿದ್ರೆ ನಿಮಗೆ ಸಿಗ್ತಿತ್ತು. ನೆಲದ ಮೇಲೆ ಕೂತು ಒಂದು ನಿಮಿಷದಲ್ಲಿ ಹೇಳಿದ್ರಲ್ಲ. ನಿಮಗೆ ಬರದೇ ಇದ್ದಿದ್ರೆ ನಾನು ಏನೂ ಅಂದ್ಕೊಳ್ತಿರ್ಲಿಲ್ಲ." ಇನ್ನೊಂದು ಮಾತು ಸೇರಿಸಿದಳು. "ಅದಕ್ಕೇ ಆಮೇಲೆ ಪುಟ್ಟಿನ ಒಬ್ಳನ್ನೇ ನಿಮ್ಮತ್ರ ಬಿಡಕ್ಕೆ ಮನಸ್ಸು ಬರ್ಲಿಲ್ಲ. ಬೇಜಾರು ಮಾಡ್ಕೋಬೇಡಿ. ನಾನೂ ತಾನೇ ಕೂರಿಸಿದ್ದು."

ಫೋನಿನಲ್ಲಿ ಅವಳ ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು, ದೊಡ್ಡವಳಾದ ದನಿ, ಯಾರು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಫೋನ್ ಕೈ ಬದಲಾಯಿತು.

"ಆಂಟಿ, ಡು ಯು ಸ್ಟಿಲ್ ಹ್ಯಾವ್ ದಟ್ ವಿಡಿಯೋ? ವೇರ್ ಐ ಡಿಡಂಟ್ ಮೂವ್?"

"ಇದೆ ಪುಟ್ಟಿ."

"ಐ ವನ್, ರೈಟ್?"

"ಹೌದು," ಎಂದೆ. ನನ್ನ ಎಡಗೈ ಅಡುಗೆಕಟ್ಟೆಯ ಅಂಚನ್ನು ಒತ್ತಿ ಹಿಡಿದಿತ್ತು. ಅದನ್ನು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.